ಐದು ಪುಟದ ಸೈಟು ಹದಿನಾಲ್ಕು ಪುಟ ಆಗದ ಹಾಗೆ ಸ್ಕೋಪ್ ಬರೆಯುವುದು ಹೇಗೆ?

ಪ್ರಶ್ನೆ: ನಮಸ್ತೆ ಮೇಡಂ. ನಾನು ಹಾಸನದಲ್ಲಿದ್ದುಕೊಂಡು ಫ್ರೀಲಾನ್ಸ್ ಆಗಿ ವೆಬ್‌ಸೈಟ್ ಮಾಡಿಕೊಡ್ತೀನಿ. ಸಕಲೇಶಪುರದ ಹತ್ತಿರ ಒಂದು ಹೋಮ್‌ಸ್ಟೇಗೆ 32,000 ರೂಪಾಯಿಗೆ ಒಪ್ಪಿಕೊಂಡೆ. ಕೊಟೇಷನ್‌ನಲ್ಲಿ ಬರೆದಿದ್ದು ಇಷ್ಟೇ: "5 ಪುಟದ ವೆಬ್‌ಸೈಟ್, ಕನ್ನಡ ಮತ್ತು ಇಂಗ್ಲಿಷ್, ಫೋಟೋ ಗ್ಯಾಲರಿ, ಬುಕಿಂಗ್, ಬೇಸಿಕ್ ಎಸ್‌ಇಒ ಇತ್ಯಾದಿ." 80 ಗಂಟೆ ಕೆಲಸ ಅಂದುಕೊಂಡಿದ್ದೆ, 160 ಗಂಟೆ ದಾಟಿದೆ, ಇನ್ನೂ ಮುಗಿದಿಲ್ಲ. ಈಗ ಕಾಫಿಪುಡಿ ಮಾರೋಕೆ ಇನ್ನೊಂದು ಪುಟ ಬೇಕಂತೆ. ಒಳ್ಳೆ ಜನ, ಜಗಳ ಮಾಡೋಕೆ ಇಷ್ಟ ಇಲ್ಲ. ಸ್ಕೋಪ್ ಹೇಗೆ ಬರೆಯಬೇಕಿತ್ತು? ಈಗ ಏನು ಮಾಡಲಿ?

ಉತ್ತರ: ನಿಮ್ಮ ಲೆಕ್ಕ ಮೊದಲು ನೋಡೋಣ. 80 ಗಂಟೆಗೆ 32,000 ಅಂದ್ರೆ ಗಂಟೆಗೆ 400 ರೂಪಾಯಿ. 160 ಗಂಟೆ ಆದಾಗ ಅದು 200ಕ್ಕೆ ಇಳಿಯಿತು. ಆದರೆ ಆ ಓನರ್ ನಿಮಗೆ ಮೋಸ ಮಾಡಿದ್ದಾರೆ ಅಂತ ನನಗೆ ಅನಿಸುವುದಿಲ್ಲ. ನಿಮ್ಮ ಕೊಟೇಷನ್ ಸಾಲನ್ನು ಅವರು ಓದಿದ ರೀತಿಯೂ ಸರಿಯೇ, ನೀವು ಓದಿದ ರೀತಿಯೂ ಸರಿಯೇ. ತೊಂದರೆ ಅಲ್ಲೇ ಇರೋದು.

"5 ಪುಟ, ಕನ್ನಡ ಮತ್ತು ಇಂಗ್ಲಿಷ್" ಅಂತ ಬರೆದಿದ್ದೀರಿ. ನೀವು ಅಂದುಕೊಂಡಿದ್ದು ಬಹುಶಃ ಐದು ಪುಟ, ಅದರಲ್ಲಿ ಅಲ್ಲಲ್ಲಿ ಕನ್ನಡ. ಅವರು ಅಂದುಕೊಂಡಿದ್ದು ಐದೂ ಪುಟ ಎರಡೂ ಭಾಷೆಯಲ್ಲಿ, ಮೇಲೆ ಒಂದು ಬಟನ್, ಒತ್ತಿದರೆ ಭಾಷೆ ಬದಲಾಗಬೇಕು. ಅಲ್ಲಿಗೆ ಹತ್ತು ಪುಟ. "ಬುಕಿಂಗ್" ಅಂದರೆ ನಿಮಗೆ ಒಂದು ಫಾರ್ಮ್, ಅವರಿಗೆ ಸೈಟಿನಲ್ಲೇ ದುಡ್ಡು ಕಟ್ಟಿಸಿಕೊಳ್ಳುವುದು. ಆನ್‌ಲೈನ್ ಪೇಮೆಂಟ್ ಹಾಕಬೇಕು ಅಂದರೆ ಪೇಮೆಂಟ್ ಗೇಟ್‌ವೇ ಕಂಪನಿಯವರು ಸೈಟಿನಲ್ಲಿ ಷರತ್ತುಗಳ ಪುಟ, ಪ್ರೈವಸಿ ಪುಟ, ಕ್ಯಾನ್ಸಲೇಷನ್ ಮತ್ತು ರೀಫಂಡ್ ಪುಟ ಇದೆಯಾ ಅಂತ ನೋಡುತ್ತಾರೆ. ಮೂರು ಸೇರಿದರೆ ಹದಿಮೂರು. ಈಗ ಕಾಫಿಪುಡಿ ಪುಟ, ಹದಿನಾಲ್ಕು. ಯಾರೂ ದುರಾಸೆ ಪಡಲಿಲ್ಲ. ಪದಗಳಿಗೆ ಎಣಿಕೆ ಇರಲಿಲ್ಲ, ಅಷ್ಟೇ.

ಹಾಗಾಗಿ ಸ್ಕೋಪ್, ಅಂದರೆ ಈ ಬೆಲೆಗೆ ಏನೇನು ಸೇರಿದೆ, ಏನು ಸೇರಿಲ್ಲ ಅನ್ನುವ ದಾಖಲೆ, ಬರೆಯುವಾಗ ನಾನು ಮೊದಲು ನೋಡುವುದು ಎಣಿಕೆಯನ್ನೇ. ಪ್ರತಿ ಸಾಲನ್ನೂ ಈ ಕ್ಲೈಂಟ್ ಯಾರು ಅಂತಲೇ ಗೊತ್ತಿಲ್ಲದ ಒಬ್ಬ ಗೆಳೆಯನಿಗೆ ತೋರಿಸಿ. ಸೈಟು ಮುಗಿದ ದಿನ ಆ ಸಾಲನ್ನು ಹಿಡಿದು "ಇದು ಆಗಿದೆ" ಅಥವಾ "ಆಗಿಲ್ಲ" ಅಂತ ಅವನು ಹೇಳೋಕೆ ಆಗುತ್ತಾ? "ಚೆಂದದ ಗ್ಯಾಲರಿ" ಅಂದ್ರೆ ಹೇಳೋಕೆ ಆಗಲ್ಲ. "ಒಂದು ಗ್ಯಾಲರಿ ಪುಟ, 30 ಫೋಟೋವರೆಗೆ, ಒತ್ತಿದರೆ ದೊಡ್ಡದಾಗುತ್ತದೆ" ಅಂದ್ರೆ ಆಗುತ್ತದೆ. ಬರೆದು ಮುಗಿಸಿದ ಮೇಲೆ "ಇತ್ಯಾದಿ", "ಮುಂತಾದ", "ಅಗತ್ಯಕ್ಕೆ ತಕ್ಕಂತೆ", "ಪೂರ್ತಿ", "ಬೇಸಿಕ್" ಅನ್ನುವ ಪದಗಳನ್ನು ಹುಡುಕಿ ತೆಗೆಯಿರಿ. ಆ ಒಂದೊಂದು ಪದವೂ ತೆರೆದಿಟ್ಟ ಬಾಗಿಲು.

ಇದನ್ನು ನಾನು ಕಲಿತದ್ದು ಪೆಟ್ಟು ತಿಂದು. ಕೆಲವು ವರ್ಷದ ಹಿಂದೆ ಒಬ್ಬ ಹಾರ್ಡ್‌ವೇರ್ ವ್ಯಾಪಾರಿಗೆ ಸೈಟು ಮಾಡಿದೆ. "ನಿಮ್ಮ ಸಾಮಾನುಗಳ ಪಟ್ಟಿ ಹಾಕಿಕೊಡುತ್ತೇನೆ" ಅಂತ ಬರೆದಿದ್ದೆ. ಅಂಗಡಿಯಲ್ಲಿ ಕಣ್ಣಿಗೆ ಕಂಡ ಲೆಕ್ಕದಲ್ಲಿ ನಲವತ್ತು ಐಟಂ ಇರಬಹುದು ಅಂದುಕೊಂಡಿದ್ದೆ. ಅವರು ಕಳಿಸಿದ ಎಕ್ಸೆಲ್ ಶೀಟಿನಲ್ಲಿ ಆರುನೂರಕ್ಕೂ ಜಾಸ್ತಿ ಸಾಲು ಇತ್ತು. ನಟ್ಟು ಬೋಲ್ಟಿನ ಪ್ರತಿ ಸೈಜಿಗೂ ಒಂದು ಸಾಲು. ಮೂರು ವಾರ ರಾತ್ರಿ ಕೂತು ತುಂಬಿದೆ. "40 ಐಟಂವರೆಗೆ, ಅದಕ್ಕಿಂತ ಹೆಚ್ಚಾದರೆ ಪ್ರತಿ ಐಟಂಗೆ ಇಷ್ಟು" ಅಂತ ಒಂದು ಸಾಲು ಇದ್ದಿದ್ದರೆ ಅವರೇ ನಟ್ಟು ಬೋಲ್ಟು ಬಿಟ್ಟು ಮುಖ್ಯವಾದದ್ದನ್ನು ಆರಿಸಿ ಕೊಡುತ್ತಿದ್ದರು.

ಈಗ ನಿಮ್ಮ ಆ ಒಂದೇ ಸಾಲನ್ನು ನಾನಾಗಿದ್ದರೆ ಹೇಗೆ ಬರೆಯುತ್ತಿದ್ದೆ ಅಂತ ನೋಡಿ.

"ಪುಟಗಳು: ಮುಖಪುಟ, ನಮ್ಮ ಬಗ್ಗೆ, ಕೋಣೆಗಳು, ಗ್ಯಾಲರಿ, ಸಂಪರ್ಕ. ಒಟ್ಟು 5. ಪ್ರತಿ ಪುಟವೂ ಇಂಗ್ಲಿಷ್ ಮತ್ತು ಕನ್ನಡ ಎರಡರಲ್ಲೂ ಇರುತ್ತದೆ, ಹಾಗಾಗಿ 10 ಪುಟದ ಕೆಲಸ. ಒಂದು ಪುಟಕ್ಕೆ 300 ಪದದವರೆಗೆ. ಪಠ್ಯವನ್ನು ಎರಡೂ ಭಾಷೆಯಲ್ಲಿ ಹೋಮ್‌ಸ್ಟೇಯವರೇ ಕೊಡುತ್ತಾರೆ. ಅನುವಾದ ಈ ಬೆಲೆಯಲ್ಲಿ ಸೇರಿಲ್ಲ.

ಕೋಣೆಗಳು: 4 ಕೋಣೆ. ಪ್ರತಿಯೊಂದಕ್ಕೆ 5 ಫೋಟೋ, ಬಾಡಿಗೆ, ಎಷ್ಟು ಜನ ಅನ್ನುವ ವಿವರ.

ಬುಕಿಂಗ್: ಹೆಸರು, ಫೋನ್, ಬರುವ ದಿನ, ಹೋಗುವ ದಿನ, ಎಷ್ಟು ಜನ ಅಂತ ಕೇಳುವ ಒಂದು ಫಾರ್ಮ್. ಅದು ಒಂದು ಇಮೇಲ್ ವಿಳಾಸಕ್ಕೆ ಬರುತ್ತದೆ. ಕೋಣೆ ಖಾಲಿ ಇದೆಯೇ ಎಂದು ಸೈಟು ತೋರಿಸುವುದಿಲ್ಲ. ಆನ್‌ಲೈನ್ ಪೇಮೆಂಟ್ ಇಲ್ಲ.

ಗೂಗಲ್: ಪ್ರತಿ ಪುಟಕ್ಕೆ ಶೀರ್ಷಿಕೆ ಮತ್ತು ವಿವರಣೆ, ಸೈಟ್‌ಮ್ಯಾಪ್ ಅನ್ನು ಗೂಗಲ್ ಸರ್ಚ್ ಕನ್ಸೋಲ್‌ಗೆ ಒಮ್ಮೆ ಸಲ್ಲಿಸುವುದು. ಹುಡುಕಿದಾಗ ಎಷ್ಟನೆಯದಾಗಿ ಬರುತ್ತದೆ ಅನ್ನುವುದಕ್ಕೆ ಭರವಸೆ ಇಲ್ಲ."

ಇಲ್ಲಿ "ಇಲ್ಲ" ಅನ್ನುವ ಪದ ಎಷ್ಟು ಸಲ ಬಂತು ನೋಡಿದಿರಾ? ಸ್ಕೋಪಿನಲ್ಲಿ ಜನ ಬರೆಯೋಕೆ ಹಿಂಜರಿಯುವ ಭಾಗ ಅದೇ. ಇಲ್ಲ ಇಲ್ಲ ಅಂದರೆ ಕ್ಲೈಂಟ್ ಓಡಿಹೋಗುತ್ತಾರೆ ಅನ್ನುವ ಭಯ. ನನ್ನ ಅನುಭವದಲ್ಲಿ ಅದು ಉಲ್ಟಾ. ಮೊದಲ ದಿನವೇ "ಆನ್‌ಲೈನ್ ಪೇಮೆಂಟ್ ಇಲ್ಲ" ಅಂತ ಓದಿದ ಓನರ್ ಅಲ್ಲೇ ಕೇಳುತ್ತಾರೆ: "ಹಾಗಾದರೆ ಅದಕ್ಕೆ ಎಷ್ಟಾಗುತ್ತೆ?" ಆಗ ನೀವು ಬೆಲೆ ಹೇಳಬಹುದು. ಎರಡು ತಿಂಗಳ ಮೇಲೆ ಅದೇ ಮಾತು ಬಂದಾಗ ಅವರ ಮನಸ್ಸಿನಲ್ಲಿ ಅದರ ದುಡ್ಡು ಆಗಲೇ ಕೊಟ್ಟಾಗಿರುತ್ತದೆ. ಈ "ಇಲ್ಲ" ಪಟ್ಟಿಗೆ ಏನು ಹಾಕಬೇಕು ಅಂತ ಗೊತ್ತಾಗದಿದ್ದರೆ ಅವರ ಪಕ್ಕದ ಎರಡು ಹೋಮ್‌ಸ್ಟೇಗಳ ಸೈಟು ತೆರೆದು ನೋಡಿ. ಅಲ್ಲಿ ಇದ್ದು ನಿಮ್ಮ ಪಟ್ಟಿಯಲ್ಲಿ ಇಲ್ಲದ್ದನ್ನೆಲ್ಲ ಅವರು ಇಂದಲ್ಲ ನಾಳೆ ಕೇಳೇ ಕೇಳುತ್ತಾರೆ.

ಬುಕಿಂಗ್ ಬಗ್ಗೆ ಇನ್ನೆರಡು ಮಾತು ಹೇಳಲೇಬೇಕು, ಏಕೆಂದರೆ ನಿಮ್ಮ ಗಂಟೆಗಳು ಜಾಸ್ತಿ ಹೋಗಿರುವುದು ಅಲ್ಲೇ ಅಂತ ಕಾಣುತ್ತದೆ. ಹೋಮ್‌ಸ್ಟೇಯವರು ಏರ್‌ಬಿಎನ್‌ಬಿಯಲ್ಲೂ ಇದ್ದರೆ, ಸೈಟಿನ ಕ್ಯಾಲೆಂಡರ್ ಅದರ ಜೊತೆ ಹೊಂದಬೇಕು. ಕ್ಯಾಲೆಂಡರ್ ಲಿಂಕ್ ಕೊಟ್ಟು ಎರಡನ್ನೂ ಜೋಡಿಸಬಹುದು ನಿಜ, ಆದರೆ ಅದು ಆ ಕ್ಷಣಕ್ಕೇ ಅಪ್‌ಡೇಟ್ ಆಗುವುದಿಲ್ಲ, ಸ್ವಲ್ಪ ಹೊತ್ತು ಬಿಟ್ಟು ಆಗುತ್ತದೆ. ಆ ನಡುವೆ ಒಂದೇ ಶನಿವಾರಕ್ಕೆ ಎರಡೂ ಕಡೆಯಿಂದ ಬುಕಿಂಗ್ ಬಂದರೆ ಗೇಟಿನ ಮುಂದೆ ಎರಡು ಕಾರು ನಿಲ್ಲುತ್ತವೆ, ಫೋನ್ ನಿಮಗೆ ಬರುತ್ತದೆ. ಪೇಮೆಂಟ್ ಗೇಟ್‌ವೇಗೆ ಓನರ್ ಹೆಸರಿನ ಪ್ಯಾನ್, ಬ್ಯಾಂಕ್ ಖಾತೆ, ಕೆವೈಸಿ ಬೇಕು, ಅದನ್ನು ನೀವು ಅವರ ಪರವಾಗಿ ಮಾಡಿಕೊಡೋಕೆ ಹೋಗಬೇಡಿ. ಇಂಥ ಕೆಲಸವನ್ನು ಮೊದಲ ಭೇಟಿಯಲ್ಲೇ ಬೆಲೆ ಕಟ್ಟೋಕೆ ಆಗಲ್ಲ. ಒಳಗೆ ಏನೇನಿದೆ ಅಂತ ನೋಡುವುದೇ ಒಂದು ಕೆಲಸ. ನಾನು ಅದನ್ನು ಬೇರೆ ಮಾಡುತ್ತೇನೆ: "10 ಗಂಟೆ, 4,000 ರೂಪಾಯಿ. ಬುಕಿಂಗ್ ಹೇಗೆ ನಡೆಯಬೇಕು ಅಂತ ಕೂತು ಬರೆದು ಕೊಡುತ್ತೇನೆ. ಮುಂದೆ ಕೆಲಸ ನನಗೇ ಕೊಟ್ಟರೆ ಈ ದುಡ್ಡು ಅದರಲ್ಲಿ ಕಳೆಯುತ್ತೇನೆ." ಗೊತ್ತಿಲ್ಲದ್ದಕ್ಕೆ ಬೆಲೆ ಕಟ್ಟಿದರೆ ಎಷ್ಟು ಚೆನ್ನಾಗಿ ಸ್ಕೋಪ್ ಬರೆದರೂ ಉಳಿಯಲ್ಲ.

ಇನ್ನು ಅವರು ನಿಮಗೆ ಕೊಡಬೇಕಾದ್ದು. ಇದನ್ನು ಬಹಳ ಜನ ಸ್ಕೋಪಿನಲ್ಲಿ ಬರೆಯುವುದೇ ಇಲ್ಲ. ಕನ್ನಡ ಸೈಟು ಮಾಡುವವರಿಗೆ ಒಂದು ವಿಶೇಷ ತಾಪತ್ರಯ ಇದೆ, ನಿಮಗೂ ಆಗಿರಬಹುದು. ಊರಿನ ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದ ಫೈಲ್ ಬರುತ್ತದೆ. ವರ್ಡ್‌ನಲ್ಲಿ ನೋಡಿದರೆ ಅಚ್ಚುಕಟ್ಟಾದ ಕನ್ನಡ. ಸೈಟಿಗೆ ಪೇಸ್ಟ್ ಮಾಡಿದರೆ ಇಂಗ್ಲಿಷ್ ಅಕ್ಷರ, ಕೊಂಬು, ಬಾಲ ಎಲ್ಲ ಸೇರಿದ ಗೋಜಲು. ಅದು ನುಡಿ ಅಥವಾ ಬರಹ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಆಗಿರುತ್ತದೆ, ಯೂನಿಕೋಡ್ ಅಲ್ಲ. ಪರಿವರ್ತಕ ಇದೆ, ಆದರೆ ಪರಿವರ್ತನೆ ಆದ ಮೇಲೆ ಒತ್ತಕ್ಷರ, ಅರ್ಕಾವತ್ತು, ಅಂಕಿಗಳನ್ನೆಲ್ಲ ಒಂದೊಂದಾಗಿ ಕಣ್ಣಿಟ್ಟು ನೋಡಬೇಕು. ಹತ್ತು ಪುಟಕ್ಕೆ ಒಂದು ದಿನ ಹೋಯಿತು ಅಂತಲೇ ಲೆಕ್ಕ. ಫೋಟೋ ಕೂಡ ಹಾಗೆಯೇ. ವಾಟ್ಸಾಪಿನಲ್ಲಿ ಸುಮ್ನೆ ಕಳಿಸಿದ ಫೋಟೋ ಕುಗ್ಗಿ ಬರುತ್ತದೆ, ಮುಖಪುಟದ ದೊಡ್ಡ ಚಿತ್ರಕ್ಕೆ ಹಾಕಿದರೆ ಮಂಜುಮಂಜು. ಹಾಗಾಗಿ ಹೀಗೆ ಬರೆಯಿರಿ: "ಕನ್ನಡ ಪಠ್ಯ ಯೂನಿಕೋಡ್‌ನಲ್ಲಿ ಇರಬೇಕು. ಬೇರೆ ಫಾಂಟಿನಲ್ಲಿದ್ದರೆ ಪರಿವರ್ತಿಸಿ ತಿದ್ದಲು ಪುಟಕ್ಕೆ 300 ರೂಪಾಯಿ. ಫೋಟೋಗಳನ್ನು ಡ್ರೈವ್‌ನಲ್ಲಿ ಅಥವಾ ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಬೇಕು. ಎಲ್ಲವೂ ಇಂಥ ದಿನಾಂಕದೊಳಗೆ ಬರಬೇಕು. ತಡವಾದಷ್ಟು ದಿನ ಕೆಲಸ ಮುಗಿಯುವ ದಿನವೂ ಮುಂದೆ ಹೋಗುತ್ತದೆ. 30 ದಿನಕ್ಕಿಂತ ಹೆಚ್ಚು ತಡವಾದರೆ ಅಲ್ಲಿವರೆಗಿನ ಕೆಲಸಕ್ಕೆ ಬಿಲ್ ಮಾಡಿ ಪ್ರಾಜೆಕ್ಟ್ ನಿಲ್ಲಿಸಲಾಗುತ್ತದೆ."

ತಿದ್ದುಪಡಿ ವಿಷಯಕ್ಕೆ ಬರೋಣ. "ಎರಡು ರೌಂಡ್ ತಿದ್ದುಪಡಿ ಉಚಿತ" ಅಂತ ಎಲ್ಲರೂ ಬರೆಯುತ್ತಾರೆ, ರೌಂಡ್ ಅಂದರೆ ಏನು ಅಂತ ಮಾತ್ರ ಬರೆಯಲ್ಲ. ಸೋಮವಾರ ಓನರ್ ಬಣ್ಣ ಬದಲಿಸಿ ಅಂತಾರೆ. ಬುಧವಾರ ಬೆಂಗಳೂರಿನಲ್ಲಿರುವ ಮಗಳು ಫೋಟೋ ಬದಲಿಸಿ ಅಂತಾರೆ. ಭಾನುವಾರ ಅವರ ಭಾವಮೈದುನ ಮೊದಲಿನ ಬಣ್ಣವೇ ಚೆನ್ನಾಗಿತ್ತು ಅಂತಾರೆ. ಇದು ಒಂದು ರೌಂಡೋ, ಮೂರೋ? ನಾನು ಬರೆಯುವುದು ಹೀಗೆ: "ಒಂದು ರೌಂಡ್ ಎಂದರೆ, ಒಬ್ಬರೇ ವ್ಯಕ್ತಿ, ಎಲ್ಲ ತಿದ್ದುಪಡಿಗಳನ್ನೂ ಒಂದೇ ಪಟ್ಟಿಯಲ್ಲಿ, ಒಂದೇ ಸಲ ಕಳಿಸುವುದು." ಆ ಒಬ್ಬರು ಯಾರು ಅಂತ ಹೆಸರನ್ನೂ ಬರೆಯುತ್ತೇನೆ. ಮನೆಯೊಳಗಿನ ಚರ್ಚೆ ಮನೆಯೊಳಗೇ ಮುಗಿದು ನಿಮ್ಮ ಹತ್ತಿರ ಒಂದೇ ಮಾತು ಬರಬೇಕು. ಇನ್ನೊಂದು ವಿಷಯ, ಡಿಸೈನ್ ತಿದ್ದುಪಡಿ ಮುಖಪುಟ ಮತ್ತು ಒಂದು ಒಳಪುಟದ ಮೇಲೆ ಮಾತ್ರ. ಅವೆರಡನ್ನು ಒಪ್ಪಿದ ಮೇಲೆ ಉಳಿದ ಪುಟಗಳು ಅದೇ ಅಚ್ಚಿನಲ್ಲಿ ಬರುತ್ತವೆ. ಹತ್ತೂ ಪುಟ ಮುಗಿದ ಮೇಲೆ ಮೆನು ಎಡಗಡೆಗೆ ಬರಲಿ ಅಂದರೆ ಅದು ಹೊಸ ಕೆಲಸ.

ಹೊಸ ಕೆಲಸವೋ, ನಿಮ್ಮ ತಪ್ಪೋ ಅನ್ನುವುದನ್ನು ಬೇರೆ ಮಾಡಿ ಬರೆಯುವುದೂ ಮುಖ್ಯ, ಜಗಳ ಹುಟ್ಟುವುದು ಹೆಚ್ಚಾಗಿ ಇಲ್ಲೇ. ಸ್ಕೋಪಿನಲ್ಲಿ ಬರೆದಿರುವ ಒಂದು ವಿಷಯ ಬರೆದಂತೆ ನಡೆಯದಿದ್ದರೆ ಅದು ದೋಷ. ಅದನ್ನು ಸೈಟು ಚಾಲೂ ಆದ ದಿನದಿಂದ 30 ದಿನ ಉಚಿತವಾಗಿ ಸರಿ ಮಾಡಿಕೊಡಿ, ಒಂದು ಪೈಸೆ ಕೇಳಬೇಡಿ. ಫಾರ್ಮ್ ತುಂಬಿದರೂ ಇಮೇಲ್ ಬರುತ್ತಿಲ್ಲ ಅಂದರೆ ದೋಷ. ಇಮೇಲ್ ಬರುತ್ತಿದೆ, ಆದರೆ ವಾಟ್ಸಾಪಿಗೂ ಬರಲಿ ಅಂದರೆ ಬದಲಾವಣೆ. ಈ ಎರಡು ಉದಾಹರಣೆಗಳನ್ನು ದಾಖಲೆಯಲ್ಲೇ ಹಾಕಿಬಿಡಿ. ಎಂಥ ವಿವರಣೆಗಿಂತಲೂ ಬೇಗ ಅರ್ಥ ಆಗುತ್ತದೆ.

ಬದಲಾವಣೆ ಬಂದಾಗ ಏನು ಮಾಡಬೇಕು? ಬೇಡ ಅನ್ನಬೇಕಾಗಿಲ್ಲ. ಬೆಲೆ ಹೇಳಬೇಕು, ಕೆಲಸ ಶುರು ಮಾಡುವ ಮೊದಲು ಹೇಳಬೇಕು. ಮೂರು ಸಾಲಿನ ಮೆಸೇಜ್ ಸಾಕು. "ನೀವು ಕೇಳಿದ್ದು: ಕಾಫಿಪುಡಿ ಪುಟ, 3 ಐಟಂ, ಆರ್ಡರ್ ಫೋನ್ ಮೂಲಕ, ಎರಡು ಭಾಷೆಯಲ್ಲಿ. ಇದು ನಮ್ಮ ಸ್ಕೋಪಿನಲ್ಲಿ ಇಲ್ಲ, 7 ಗಂಟೆ, 2,800 ರೂಪಾಯಿ, 4 ದಿನ ಹೆಚ್ಚು ಬೇಕು. ಸರಿ ಅಂತ ಉತ್ತರ ಕಳಿಸಿದರೆ ಶುರು ಮಾಡುತ್ತೇನೆ." ಇದರಲ್ಲಿ ಕೋಪ ಇಲ್ಲ, ಕ್ಷಮೆಯೂ ಇಲ್ಲ. ಅವರು ಫೋನಿನಲ್ಲಿ ಹೇಳಿದರೆ ಫೋನಿಟ್ಟ ಮೇಲೆ ಇದನ್ನೇ ಬರೆದು ಕಳಿಸಿ. ಇಮೇಲ್‌ನಲ್ಲಿ ಒಪ್ಪಿದ ಮಾತಿಗೂ ಒಪ್ಪಂದದ ಬೆಲೆ ಇದೆ. ಎಲೆಕ್ಟ್ರಾನಿಕ್ ರೂಪದಲ್ಲಿದೆ ಅನ್ನುವ ಒಂದೇ ಕಾರಣಕ್ಕೆ ಒಪ್ಪಂದ ಅಸಿಂಧು ಆಗುವುದಿಲ್ಲ ಅಂತ ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 10ಎ ಕಲಮಿನಲ್ಲೇ ಇದೆ. ಹಾಗಂತ 32,000 ರೂಪಾಯಿಯ ಕೆಲಸಕ್ಕೆ ಯಾರೂ ಕೋರ್ಟಿಗೆ ಹೋಗಲ್ಲ. ಬರೆದಿಡುವುದು ನೆನಪಿಗೆ, ಇಬ್ಬರಿಗೂ.

ಸಣ್ಣಪುಟ್ಟದ್ದಕ್ಕೆಲ್ಲ ಬಿಲ್ ಮಾಡಿದರೆ ಸಂಬಂಧ ಕೆಡುತ್ತೆ ಅಲ್ವಾ ಅಂತ ನೀವು ಕೇಳಬಹುದು. ನಿಜ, ಕೆಡುತ್ತದೆ. ಅದಕ್ಕೆ ನಾನು ಬೆಲೆಯಲ್ಲೇ 4 ಗಂಟೆ ಸೇರಿಸಿ ಇಟ್ಟಿರುತ್ತೇನೆ, ಸ್ಕೋಪಿನಲ್ಲೂ ಬರೆದಿರುತ್ತೇನೆ: "ಸಣ್ಣ ಬದಲಾವಣೆಗಳಿಗೆ 4 ಗಂಟೆ ಸೇರಿದೆ." ಫೋನ್ ನಂಬರ್ ಬದಲಿಸಿದರೆ ಕಾಲು ಗಂಟೆ, ಇನ್ನೊಂದು ಫೋಟೋ ಹಾಕಿದರೆ ಕಾಲು ಗಂಟೆ. ಪ್ರತಿ ಸಲವೂ "ಮಾಡಿದೆ, ಉಳಿದಿರುವುದು 3 ಗಂಟೆ 30 ನಿಮಿಷ" ಅಂತ ತಿಳಿಸುತ್ತೇನೆ. ಆ ಸಂಖ್ಯೆ ಕಡಿಮೆಯಾಗುತ್ತಾ ಬಂದಂತೆ ಅವರೇ ಯೋಚಿಸಿ ಕೇಳೋಕೆ ಶುರು ಮಾಡುತ್ತಾರೆ. ಹೇಳದೆ ಮಾಡಿಕೊಟ್ಟ ಉಪಕಾರ ಯಾರ ಲೆಕ್ಕಕ್ಕೂ ಬರಲ್ಲ. ಐದು ಸಲ ಸುಮ್ನೆ ಮಾಡಿಕೊಟ್ಟು ಆರನೇ ಸಲ ದುಡ್ಡು ಕೇಳಿದರೆ ಅವರಿಗೆ ಆಶ್ಚರ್ಯ ಆಗುವುದು ಸಹಜ.

ದುಡ್ಡಿನ ಕಂತಿನ ಬಗ್ಗೆ ಚಿಕ್ಕದಾಗಿ. "ಕೆಲಸ ಮುಗಿದ ಮೇಲೆ ಬಾಕಿ" ಅಂತ ಬರೆಯಬೇಡಿ, ಮುಗಿಯುವುದು ಯಾವಾಗ ಅಂತ ತೀರ್ಮಾನಿಸುವವರು ಅವರಾಗುತ್ತಾರೆ. ಶುರುವಿಗೆ 12,800, ಮುಖಪುಟದ ಡಿಸೈನ್ ಒಪ್ಪಿದಾಗ 9,600, ಟೆಸ್ಟ್ ಲಿಂಕ್ ಕೊಟ್ಟ ಮೇಲೆ, ಅವರ ಡೊಮೇನಿಗೆ ಹಾಕುವ ಮೊದಲು, 9,600. ಟೆಸ್ಟ್ ಲಿಂಕ್ ಕೊಟ್ಟು 7 ದಿನದೊಳಗೆ ದೋಷದ ಪಟ್ಟಿ ಬರದಿದ್ದರೆ ಒಪ್ಪಿದಂತೆ ಅಂತ ಬರೆಯಿರಿ. ಡೊಮೇನ್ ಮಾತ್ರ ಮೊದಲ ದಿನದಿಂದ ಓನರ್ ಹೆಸರಿನಲ್ಲೇ ಇರಲಿ. ಅದನ್ನು ಕೈಯಲ್ಲಿಟ್ಟುಕೊಂಡು ದುಡ್ಡು ವಸೂಲಿ ಮಾಡುವುದು ಸರಿಯಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ.

ಇಷ್ಟೂ ಸೇರಿದರೆ ಎರಡು ಪುಟ ಆಗುತ್ತದೆ, ಅದಕ್ಕಿಂತ ಜಾಸ್ತಿ ಬೇಡ. ಎಂಟು ಪುಟ ಕಳಿಸಿದರೆ ತೋಟದ ಕೆಲಸದ ನಡುವೆ ಯಾರೂ ಓದಲ್ಲ, ಓದದ ದಾಖಲೆಯಿಂದ ಪ್ರಯೋಜನ ಇಲ್ಲ. ಕಳಿಸಿ ಸುಮ್ಮನಾಗಬೇಡಿ. ಅಡ್ವಾನ್ಸ್ ತೆಗೆದುಕೊಳ್ಳುವ ಮೊದಲು ಅರ್ಧ ಗಂಟೆ ಅವರ ಎದುರಿಗೆ ಕೂತು, ಆಗದಿದ್ದರೆ ಫೋನಿನಲ್ಲಿ, ಸಾಲು ಸಾಲಾಗಿ ಓದಿ ಹೇಳಿ. ಓದುವಾಗ ಅವರು "ಅಂದ್ರೆ?" ಅಂತ ಕೇಳಿದ ಸಾಲನ್ನು ಅಲ್ಲೇ ತಿದ್ದಿ. ಅವರು ಕನ್ನಡದಲ್ಲಿ ವ್ಯವಹರಿಸುವವರಾದರೆ ದಾಖಲೆಯೂ ಕನ್ನಡದಲ್ಲೇ ಇರಲಿ.

ಈಗ ನಿಮ್ಮ ಕೈಯಲ್ಲಿರುವ ಪ್ರಾಜೆಕ್ಟ್. ಆಗಿಹೋದ 80 ಹೆಚ್ಚುವರಿ ಗಂಟೆಗೆ ದುಡ್ಡು ಕೇಳಬೇಡಿ. ಕೆಲಸಕ್ಕೆ ಮೊದಲು ಬೆಲೆ ಹೇಳದ ಮೇಲೆ ನಂತರ ಕೇಳುವುದು ಅವರಿಗೆ ಅನ್ಯಾಯ ಅನಿಸುತ್ತದೆ, ಅದರಲ್ಲಿ ಅರ್ಥವೂ ಇದೆ. ಆದರೆ ಇವತ್ತಿಗೆ ಒಂದು ಗೆರೆ ಎಳೆಯಿರಿ. ಒಂದು ಹಾಳೆಯಲ್ಲಿ ಈವರೆಗೆ ಆಗಿರುವುದನ್ನೆಲ್ಲ ಎಣಿಸಿ ಬರೆಯಿರಿ, ಬಾಕಿ ಉಳಿದದ್ದನ್ನು ಎಣಿಸಿ ಬರೆಯಿರಿ. ಆಮೇಲೆ ಫೋನ್ ಮಾಡಿ, ನಂತರ ಇದನ್ನು ಕಳಿಸಿ:

"ಸರ್, ನಿಮ್ಮ ಸೈಟು ಇಲ್ಲಿವರೆಗೆ ಎಲ್ಲಿಗೆ ಬಂದಿದೆ ಅಂತ ಪಟ್ಟಿ ಕಳಿಸಿದ್ದೇನೆ. ನಾವು 5 ಪುಟ ಅಂತ ಶುರು ಮಾಡಿದ್ದು ಈಗ 13 ಆಗಿದೆ. ನಾನು ಮೊದಲೇ ಸ್ಪಷ್ಟವಾಗಿ ಬರೆಯದೆ ಇದ್ದದ್ದು ನನ್ನ ತಪ್ಪು, ಹಾಗಾಗಿ ಇಲ್ಲಿವರೆಗಿನದಕ್ಕೆ ಹೆಚ್ಚಿಗೆ ಏನೂ ಕೇಳುವುದಿಲ್ಲ. ಪಟ್ಟಿಯಲ್ಲಿ ಬಾಕಿ ಇರುವುದನ್ನು 32,000ದಲ್ಲೇ ಮುಗಿಸಿ ಕೊಡುತ್ತೇನೆ. ಕಾಫಿಪುಡಿ ಪುಟ ಪಟ್ಟಿಯಲ್ಲಿ ಇಲ್ಲ, ಅದಕ್ಕೆ 2,800 ಆಗುತ್ತದೆ. ಈಗ ಬೇಕೋ, ಸೈಟು ಚಾಲೂ ಆದ ಮೇಲೆ ಬೇಕೋ ನೀವೇ ಹೇಳಿ. ಪಟ್ಟಿ ಸರಿ ಇದೆಯಾ ನೋಡಿ ಉತ್ತರಿಸಿ, ನಾಳೆಯಿಂದ ಅದರ ಪ್ರಕಾರ ಕೆಲಸ ಮಾಡುತ್ತೇನೆ."

ಪಟ್ಟಿಗೆ ಉತ್ತರ ಬರುವವರೆಗೆ ಹೊಸ ಪುಟಕ್ಕೆ ಕೈ ಹಾಕಬೇಡಿ, ಬಾಕಿ ಇರುವುದನ್ನು ಮಾತ್ರ ಮಾಡುತ್ತಿರಿ. ಅವರು ಫೋನ್ ಮಾಡಿ "ಅದೇನು ದೊಡ್ಡ ಕೆಲಸ, ಒಂದು ಪುಟ ಹಾಕಿಬಿಡಿ" ಅಂದರೆ, ಮೂರು ಐಟಂಗೆ ಫೋಟೋ ಸರಿಮಾಡುವುದು, ಬೆಲೆ ಹಾಕುವುದು, ಎರಡು ಭಾಷೆಯಲ್ಲಿ ಪಠ್ಯ ಕೂರಿಸುವುದು, ಮೊಬೈಲ್‌ನಲ್ಲಿ ಪರೀಕ್ಷಿಸುವುದು, ಏಳು ಗಂಟೆ ಹೇಗಾಗುತ್ತದೆ ಅಂತ ನಿಧಾನವಾಗಿ ಬಿಡಿಸಿ ಹೇಳಿ. ತೋಟದಲ್ಲಿ ಆಳಿನ ಲೆಕ್ಕ ಬರೆಯುವವರಿಗೆ ಗಂಟೆಯ ಲೆಕ್ಕ ಅರ್ಥವಾಗುತ್ತದೆ.